ಕಾಲೇಜಿನ ಮೇಲ್‌ನಲ್ಲಿದ್ದ ಅತ್ತೆಯ ರವಿಕೆಗಳು

ಕಾಲೇಜು ಮುಗಿದು ವರ್ಷವಾದ ಮೇಲೆ ನಮ್ಮ ಕ್ಲಾಸಿನ ಗ್ರೂಪಿನಲ್ಲಿ ಒಂದು ಮೆಸೇಜು ಬಂತು. ನಾನಾಗ ಬದನಗುಪ್ಪೆಯಿಂದ ಚಾಮರಾಜನಗರಕ್ಕೆ ವಾಪಸು ಬರುವ ಫ್ಯಾಕ್ಟರಿ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಕೂತಿದ್ದೆ. ಶಿಫ್ಟು ಮುಗಿದ ಮೇಲೆ ನನಗೆ ಯಾರ ಮೆಸೇಜನ್ನೂ ಓದುವ ಮನಸ್ಸಿರುವುದಿಲ್ಲ. ಅದರಲ್ಲೂ ಆ ಗ್ರೂಪಿನಲ್ಲಿ ಬರುವುದು ಹುಟ್ಟುಹಬ್ಬದ ಕೇಕಿನ ಚಿತ್ರ, ಇಲ್ಲವೇ ಯಾರದೋ ಮದುವೆಯ ಕರೆಯೋಲೆ. ಈ ಸಲ ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕರು ಬರೆದಿದ್ದರು. ಪಾಸಾಗಿ ಹೋದವರ ಕಾಲೇಜು ಮೇಲ್ ಐಡಿಗಳನ್ನು ಈ ತಿಂಗಳ ಕೊನೆಗೆ ಬಂದ್ ಮಾಡಲಾಗುವುದು, ಬೇಕಾದ್ದನ್ನೆಲ್ಲ ಅಷ್ಟರೊಳಗೆ ಸ್ವಂತ ಮೇಲ್‌ಗೆ ಸಾಗಿಸಿಕೊಳ್ಳಿ, ಆಮೇಲೆ ಬಂದು ಕೇಳಿದರೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದು. ಅದರ ಕೆಳಗೆ ನಮ್ಮವರೆಲ್ಲ ಸಾಲಾಗಿ ಕೈ ಮುಗಿದ ಚಿತ್ರ ಹಾಕಿದ್ದರು. ಓದಿದವರು ಎಷ್ಟು ಜನವೋ ದೇವರಿಗೇ ಗೊತ್ತು. ನಾನೂ ಒಂದು ಕೈ ಮುಗಿದ ಚಿತ್ರ ಹಾಕಿ ಕಣ್ಣು ಮುಚ್ಚಿಕೊಂಡೆ.

ಮುಚ್ಚಿದ ಕಣ್ಣೊಳಗೇ ಲೆಕ್ಕ ಶುರುವಾಯಿತು. ಆ ಮೇಲ್‌ನಲ್ಲಿ ನನ್ನದು ಏನೇನಿದೆ? ಯೋಚಿಸುತ್ತಾ ಹೋದರೆ, ಅದರಲ್ಲಿ ಇಲ್ಲದ್ದು ಏನೆಂದು ಕೇಳಿಕೊಳ್ಳುವುದೇ ಸುಲಭವಿತ್ತು.

ಎಂ.ಎಸ್ಸಿ.ಯವರೆಗೂ ನಾನು ಓದಿದ್ದು ಒಂದೇ ಕಾಲೇಜಿನಲ್ಲಿ. ಬಿ.ಎಸ್ಸಿ.ಗೆ ಸೇರಿದ ಮೊದಲ ವಾರದಲ್ಲೇ ನಮಗೆಲ್ಲ ಕಾಲೇಜಿನ ಹೆಸರಿರುವ ಆ ಮೇಲ್ ಕೊಟ್ಟಿದ್ದರು. ಅದಕ್ಕೂ ಮೊದಲು ನನಗೆ ಮೇಲ್ ಅನ್ನುವುದೇ ಇರಲಿಲ್ಲ. ಇದರಲ್ಲಿ ಜಾಗಕ್ಕೆ ಮಿತಿಯೇ ಇಲ್ಲ, ಎಷ್ಟು ಬೇಕಾದರೂ ತುಂಬಿಕೊಳ್ಳಿ ಅಂದಿದ್ದರು. ನಮ್ಮ ಮನೆಯವರ ಕಿವಿಗೆ ಅಂಥ ಮಾತು ಬಿದ್ದರೆ ಮುಗಿಯಿತು. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಯಾರು ಹೊಸ ಫೋನು ತಂದರೂ ಮೊದಲು ನನ್ನ ಕೈಗೆ ಕೊಡುತ್ತಿದ್ದರು. ಫೋನು ತೆರೆದ ಕೂಡಲೇ ಅದು ಮೇಲ್ ಕೇಳುತ್ತದೆ. ಅಪ್ಪನಿಗೆ ಮೇಲ್ ಇಲ್ಲ, ಅಣ್ಣನಿಗೆ ಪಾಸ್‌ವರ್ಡು ಮರೆತಿದೆ. ಹೊಸದು ಮಾಡೋಣ ಅಂದರೆ ಯಾರಿಗೂ ಪುರುಸೊತ್ತಿಲ್ಲ. "ನಿಂದೇ ಆಕ್ಬುಡಮ್ಮಿ, ಒಂದ್ ಮನ್ಗೆ ಎಷ್ಟ್ ಬೇಕು" ಅನ್ನುತ್ತಿದ್ದರು. ರೇಷನ್ ಕಾರ್ಡು ಒಂದು, ಕರೆಂಟು ಮೀಟರು ಒಂದು, ಅದರ ಜೊತೆಗೆ ಮೇಲೂ ಒಂದು. ಹೀಗಾಗಿ ಅಪ್ಪನ ಫೋನು, ಅಣ್ಣನ ಫೋನು, ನಮ್ಮ ಬೀದಿಯಲ್ಲೇ ಇರುವ ಅತ್ತೆಯ ಫೋನು, ಎಲ್ಲವೂ ನನ್ನ ಕಾಲೇಜು ಮೇಲ್‌ನ ನೆರಳಿಗೆ ಬಂದವು. ಅದರಲ್ಲಿ ತಪ್ಪೇನಿದೆ ಅಂತ ನನಗೂ ಅನ್ನಿಸಿರಲಿಲ್ಲ.

ಮೊದಲು ನನ್ನದನ್ನು ನೋಡಿಕೊಳ್ಳೋಣ ಅಂತ ಚಾಮರಾಜನಗರದ ಪಿ.ಜಿ.ಯ ಮಂಚದ ಮೇಲೆ ಕೂತೆ. ಸ್ವಂತದ್ದೊಂದು ಮೇಲ್ ಮಾಡಿಕೊಂಡೆ. ನನ್ನ ಹೆಸರು ಎಷ್ಟು ಜನಕ್ಕಿದೆ ಅನ್ನುವುದು ಆಗಲೇ ಗೊತ್ತಾಗಿದ್ದು. ಹಿಂದೆ ಮುಂದೆ ಇನಿಷಿಯಲ್ಲು, ಅಂಕಿ ಎಲ್ಲ ಸೇರಿಸಿ ಕೊನೆಗೆ ಹೇಗೋ ಒಂದು ಸಿಕ್ಕಿತು. ಆಮೇಲೆ ಒಂದೊಂದಾಗಿ ಬಾಗಿಲು ಬಡಿಯುವ ಕೆಲಸ. ಕೆಲಸ ಹುಡುಕುವ ಸೈಟಿನಲ್ಲಿ ಮೇಲ್ ಬದಲಿಸಬೇಕೆಂದರೆ ಹಳೆಯ ಮೇಲ್‌ಗೆ ಒಂದು ಒಟಿಪಿ, ಹೊಸದಕ್ಕೆ ಇನ್ನೊಂದು. ಹಳೆಯದು ಬದುಕಿರುವಾಗಲೇ ಹಳೆಯದನ್ನು ಬಿಡಬೇಕು, ಸತ್ತ ಮೇಲೆ ಬಿಡುತ್ತೇನೆ ಅಂದರೆ ಬಿಡಲು ಕೊಡುವುದಿಲ್ಲ. ಕೆಲವು ಕಡೆ ನಾನು ಪಾಸ್‌ವರ್ಡನ್ನೇ ಇಟ್ಟಿರಲಿಲ್ಲ, ಮೇಲ್‌ನ ಗುಂಡಿ ಒತ್ತಿ ಒಳಗೆ ಹೋಗುತ್ತಿದ್ದೆ ಅಷ್ಟೆ. ಅಲ್ಲಿ ಪಾಸ್‌ವರ್ಡು ಮರೆತಿದ್ದೇನೆ ಅಂತ ಸುಳ್ಳು ಹೇಳಿ, ಹಳೆಯ ಮೇಲ್‌ಗೆ ಲಿಂಕು ತರಿಸಿಕೊಂಡು, ಹೊಸ ಪಾಸ್‌ವರ್ಡು ಇಟ್ಟು, ಆಮೇಲೆ ಮೇಲ್ ಬದಲಿಸಬೇಕಿತ್ತು. ಒಂದು ನೇಮಕಾತಿ ಸೈಟಿನಲ್ಲಂತೂ ಅರ್ಜಿ ಸಲ್ಲಿಸಿದ ಮೇಲೆ ಮೇಲ್ ಬದಲಿಸುವ ದಾರಿಯೇ ಇರಲಿಲ್ಲ. ನೋಂದಾಯಿಸಿದ ಮೇಲ್‌ನಿಂದಲೇ ಸಹಾಯವಾಣಿಗೆ ಬರೆಯಿರಿ ಅಂದರು. ಬರೆದೆ. ಬದಲಿಸಿದ್ದೇವೆ ಅಂತ ಉತ್ತರ ಬರುವವರೆಗೆ ದಿನಾ ಎದ್ದ ಕೂಡಲೇ ಅದನ್ನೇ ನೋಡುವ ಗ್ರಹಚಾರವಾಯಿತು.

ದಿನವಿಡೀ ಫ್ಯಾಕ್ಟರಿಯ ಲ್ಯಾಬಿನಲ್ಲಿ ಸ್ಯಾಂಪಲ್ಲುಗಳ ಬಣ್ಣ ನೋಡಿ ಕಣ್ಣು ಸೋತಿರುತ್ತಿತ್ತು. ರೂಮಿಗೆ ಬಂದರೆ ಈ ಸಣ್ಣ ಅಕ್ಷರಗಳು. ನಾನು ಮನುಷ್ಯಜೀವಿ ಹೌದೋ ಅಲ್ಲವೋ ಅಂತ ಪ್ರತಿ ಸೈಟೂ ಕೇಳುತ್ತಿತ್ತು, ಟ್ರಾಫಿಕ್ ಸಿಗ್ನಲ್ ಇರುವ ಚೌಕಗಳನ್ನು ಆರಿಸು ಅನ್ನುತ್ತಿತ್ತು. ಎಷ್ಟೋ ಸಲ ಆರಿಸದೆ ಫೋನು ಪಕ್ಕಕ್ಕಿಟ್ಟು ಮಲಗಿಬಿಟ್ಟಿದ್ದೇನೆ.

ಕೊನೆಗೆ ಮೇಲ್ ಒಳಗಿನ ಸಾಮಾನು ಉಳಿಯಿತು. ಓದು ಮುಗಿಸಿದ ವಿದ್ಯಾರ್ಥಿಗಳಿಗೆಂದೇ ಆ ಮೇಲ್ ಕಂಪನಿಯವರು ಒಂದು ಸೌಲಭ್ಯ ಇಟ್ಟಿದ್ದಾರೆ. ಹೊಸ ಮೇಲ್ ವಿಳಾಸ ಕೊಟ್ಟು ಗುಂಡಿ ಒತ್ತಿದರೆ ಹಳೆಯದರಲ್ಲಿರುವುದನ್ನು ತಾನೇ ಹೊಸದಕ್ಕೆ ನಕಲು ಮಾಡುತ್ತದೆ. ಒತ್ತಿದೆ. ಕೆಲವು ದಿನ ಬಿಟ್ಟು ನಕಲು ಮುಗಿಯಿತು ಅಂತ ತಿಳಿಸಿತು. ತೆರೆದು ನೋಡಿದರೆ ಪ್ರಾಜೆಕ್ಟಿನ ಫೈಲುಗಳು, ನೋಟ್ಸು, ಹಳೆಯ ಮೇಲ್‌ಗಳು ಎಲ್ಲ ಹೊಸದರಲ್ಲಿ ಬಂದು ಕೂತಿದ್ದವು. ಸಾಗಿಸುವುದೆಲ್ಲ ಸಾಗಿತು ಅಂತ ಉಸಿರು ಬಿಟ್ಟೆ. ಇನ್ನು ಮನೆಯವರ ಫೋನುಗಳಿಗೆ ತಲೆಗೊಂದು ಮೇಲ್ ಮಾಡಿ, ಹಳೆಯದನ್ನು ಕಿತ್ತು ಹಾಕಿದರೆ ಕೈ ತೊಳೆದುಕೊಂಡ ಹಾಗೆ ಅಂದುಕೊಂಡು ಭಾನುವಾರ ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಅಪ್ಪನದೂ ಅಣ್ಣನದೂ ಬೇಗ ಆಯಿತು. ಅಪ್ಪನ ಫೋನಿನಲ್ಲಿ ಇದ್ದದ್ದು ದೇವರ ಚಿತ್ರ ಮತ್ತು ಟೊಮೆಟೊ ರೇಟು. ಹೆಸರು, ನಂಬರುಗಳನ್ನು ಹೊಸ ಮೇಲ್‌ಗೆ ಸಾಗಿಸಿ, ಮೆಸೇಜುಗಳ ಬ್ಯಾಕಪ್ಪನ್ನೂ ಅದಕ್ಕೇ ತಿರುಗಿಸಿ, ಹಳೆಯ ಖಾತೆ ತೆಗೆದೆ. "ಅಷ್ಟೇಯಾ? ಅದ್ಕೆ ಈ ಪಾಟಿ ರಂಪವಾ?" ಅಂದರು ಅಪ್ಪ. ಅಷ್ಟೇ ಅಂತ ನಾನೂ ತಿಳಿದಿದ್ದೆ.

ಆಮೇಲೆ ಅತ್ತೆಯ ಮನೆಗೆ ಹೋದೆ.

ಅತ್ತೆ ಅಂದರೆ ಅಪ್ಪನ ತಂಗಿ. ಮದುವೆಯಾಗಿ ಇದೇ ಬೀದಿಯಲ್ಲಿದ್ದಾಳೆ. ಮಕ್ಕಳಿಲ್ಲ. ಮಾವ ಲಾರಿಯ ಮೇಲೆ ಕೇರಳಕ್ಕೆ ತರಕಾರಿ ಒಯ್ಯುವವರು, ಮನೆಯಲ್ಲಿರುವುದಕ್ಕಿಂತ ಘಾಟಿಯಲ್ಲಿರುವುದೇ ಹೆಚ್ಚು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅತ್ತೆ ರವಿಕೆ ಹೊಲಿಯುತ್ತಾಳೆ. ಅವಳ ಕೈಯಲ್ಲಿ ಹೊಲಿಸಿಕೊಂಡವರು ಬೇರೆ ಕಡೆ ಹೋಗುವುದು ಕಡಿಮೆ, ಅದಕ್ಕೆ ಕಾರಣ ಹೊಲಿಗೆ ಮಾತ್ರ ಅಲ್ಲ. ಎಲ್ಲ ಟೈಲರುಗಳೂ ಪ್ರತಿ ಸಲ ಅಳತೆ ರವಿಕೆ ತಾ ಅನ್ನುತ್ತಾರೆ. ಅದನ್ನು ಮೂಲೆಯಲ್ಲಿ ಹಾಕಿಕೊಂಡು, ವಾಪಸು ಕೇಳಿದರೆ ಬೇರೆಯವರದನ್ನು ಕೊಡುತ್ತಾರೆ. ಅತ್ತೆ ಮೊದಲ ಸಲ ಮಾತ್ರ ತರಿಸಿಕೊಳ್ಳುತ್ತಾಳೆ. ಅದನ್ನು ಚಾಪೆಯ ಮೇಲೆ ಹರಡಿ, ಎದೆಗೆ, ತೋಳಿಗೆ, ಕುತ್ತಿಗೆಗೆ ಒಂದೊಂದು ಸಲ ಟೇಪು ಇಟ್ಟು ಫೋಟೋ ಹೊಡೆದುಕೊಂಡು, ರವಿಕೆಯನ್ನು ಆಗಲೇ ವಾಪಸು ಕೊಟ್ಟುಬಿಡುತ್ತಾಳೆ. ಫೋಟೋದ ಕೆಳಗೆ ಯಾರದು ಅಂತ ಬರೆಯುವ ಜಾಗವಿದೆಯಲ್ಲ, ಅಲ್ಲಿ ಬಾಯಿಯಲ್ಲೇ ಹೇಳುತ್ತಾಳೆ, ಫೋನು ಬರೆದುಕೊಳ್ಳುತ್ತದೆ. 'ಮದ್ದೂರು ಟೀಚರು ಎಡತೋಳು ಸಡಿಲ.' 'ಹೂವಿನಂಗಡಿಯವರ ಸೊಸೆ ಬೆನ್ನು ಮೇಲಕ್ಕೆ.' ಮುಂದಿನ ಸಲ ಮದ್ದೂರಿನ ಟೀಚರು ಬಟ್ಟೆಯನ್ನು ಯಾರ ಕೈಯಲ್ಲಾದರೂ ಕಳಿಸಿದರೆ ಸಾಕು, ಅತ್ತೆ ಫೋನಿಗೆ ಟೀಚರು ಅಂತ ಹೇಳಿ, ಬಂದ ಫೋಟೋ ನೋಡಿ ಕತ್ತರಿ ಹಾಕುತ್ತಾಳೆ. ಹಬ್ಬ, ಮದುವೆಗಳ ಕಾಲದಲ್ಲಿ ಬಟ್ಟೆಯ ಕವರುಗಳು ಮಾತ್ರ ಬರುತ್ತವೆ, ಹೆಂಗಸರು ಬರುವುದೇ ಇಲ್ಲ.

ಈ ವ್ಯವಸ್ಥೆಗೆ ನಾನೇ ಮೇಸ್ತ್ರಿ. ಫೋನು ತುಂಬಿತು ಅಂತ ಅತ್ತೆ ಗೋಳಾಡಿದಾಗೆಲ್ಲ, ಫೋಟೋ ಆ್ಯಪಿನಲ್ಲಿ ಜಾಗ ಖಾಲಿ ಮಾಡುವ ಗುಂಡಿ ತೋರಿಸಿ, ಇದನ್ನು ಒತ್ತು ಅಂದಿದ್ದೆ. ಅದನ್ನು ಒತ್ತಿದರೆ ಮೇಲ್‌ನ ಖಾತೆಗೆ ಹೋಗಿ ಸೇರಿದ ಫೋಟೋಗಳೆಲ್ಲ ಫೋನಿನಿಂದ ಅಳಿಸಿಹೋಗುತ್ತವೆ. ನೋಡಲು ಮಾತ್ರ ಮೊದಲಿನ ಹಾಗೇ ಕಾಣುತ್ತಿರುತ್ತವೆ. ಅತ್ತೆ ವರ್ಷಗಳಿಂದ ಒತ್ತುತ್ತಾ ಬಂದಿದ್ದಳು.

ಆವತ್ತು ಅವಳಿಗೂ ಒಂದು ಮೇಲ್ ಮಾಡಿ, ಹೆಸರು, ನಂಬರುಗಳನ್ನು ಸಾಗಿಸಿ, ಕಾಲೇಜು ಮೇಲ್‌ನ ಖಾತೆ ತೆಗೆಯುವ ಗುಂಡಿ ಒತ್ತಿದೆ. ಅತ್ತೆ ಕವರಿನಿಂದ ಒಂದು ಹಸಿರು ಬಟ್ಟೆ ತೆಗೆದು ನನ್ನ ಕೈಯಿಂದ ಫೋನು ಇಸಿದುಕೊಂಡಳು. ಫೋನಿನ ಹತ್ತಿರ ಬಾಯಿ ತಂದು 'ಬ್ಯಾಂಕಿನವ್ರ ಅತ್ತಿಗೆ' ಅಂದಳು. ಏನೂ ಸಿಗಲಿಲ್ಲ ಅಂತ ಬಂತು. ಇನ್ನೊಂದು ಸಲ ಜೋರಾಗಿ ಹೇಳಿದಳು. ಏನೂ ಇಲ್ಲ. ಫೋಟೋ ಆ್ಯಪು ತೆರೆದರೆ ಆ ವಾರದ ನಾಲ್ಕಾರು ರವಿಕೆ ಬಿಟ್ಟು ಬೆಳ್ಳಗೆ ಖಾಲಿ.

"ಏನ್ ಮಾಡ್ಬುಟ್ಟೆ ಕೂಸೆ?"

ಅವಳು ಕೂಗಾಡಲಿಲ್ಲ. ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೇಗ ಬೇಗ ಕಾಲೇಜು ಮೇಲ್ ಹಾಕಿ, ಪಾಸ್‌ವರ್ಡು ಕೊಟ್ಟು, ನನ್ನ ಫೋನಿಗೆ ಬಂದದ್ದಕ್ಕೆ ಹೌದು ನಾನೇ ಅಂತ ಒತ್ತಿ ಮತ್ತೆ ಸೇರಿಸಿದೆ. ಸ್ವಲ್ಪ ಹೊತ್ತು ಗಿರಗಿರ ತಿರುಗಿ ರವಿಕೆಗಳು ಒಂದೊಂದಾಗಿ ಬರತೊಡಗಿದವು. ಅಷ್ಟರಲ್ಲೇ ಅತ್ತೆ ಫೋನು ಇಸಿದುಕೊಂಡು, ಹಸಿರು ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಫೋಟೋ ನೋಡಿ ಗೆರೆ ಹಾಕಲು ಶುರು ಮಾಡಿದಳು. ನಾನು ಹೊರಗೆ ಜಗಲಿಯ ಮೇಲೆ ಕೂತು ಆ ಸಾಗಿಸುವ ಸೌಲಭ್ಯದ ವಿವರವನ್ನು ಈಗ ಪೂರ್ತಿ ಓದಿದೆ. ಅದು ಮೇಲ್‌ಗಳನ್ನೂ ಫೈಲುಗಳನ್ನೂ ಮಾತ್ರ ಸಾಗಿಸುತ್ತದೆ, ಫೋಟೋಗಳನ್ನು ಸಾಗಿಸುವುದಿಲ್ಲ. ಖಾತೆಯ ಸೆಟ್ಟಿಂಗಿನಿಂದಲೇ ಎಲ್ಲವನ್ನೂ ಅತ್ತೆಯ ಹೊಸ ಮೇಲ್‌ಗೆ ಹಂಚಿಕೊಳ್ಳಲು ನೋಡಿದರೆ, ಕಾಲೇಜಿನ ಹೊರಗಿನವರಿಗೆ ಹಂಚಲು ಅನುಮತಿ ಇಲ್ಲ ಅಂತ ಬಂತು. ತಿಂಗಳು ಮುಗಿಯಲು ಹೆಚ್ಚು ದಿನ ಇರಲಿಲ್ಲ. ಮುಂದೆ ಮದುವೆಗಳ ಕಾಲ. ಆ ಖಾತೆ ಹೋದರೆ ಅತ್ತೆ ಬೀದಿ ಬೀದಿ ಸುತ್ತಿ, ಎಲ್ಲರ ಮನೆ ಬಾಗಿಲಲ್ಲಿ ನಿಂತು, ಅಳತೆ ರವಿಕೆ ಕೊಡಿ ಅಂತ ಕೇಳಬೇಕಿತ್ತು. ಕೊಡದೆ ಬೇರೆ ಟೈಲರಿಗೆ ಹೋಗುವವರು ಹೋಗುತ್ತಿದ್ದರು. ನನಗೆ ಅಳು ಬರುವಷ್ಟು ಸುಸ್ತಾಗಿತ್ತು. ನಿಜ ಹೇಳಬೇಕೆಂದರೆ ಅತ್ತೆಯ ಮೇಲೂ ಸಿಟ್ಟು ಬಂತು, ಎಲ್ಲರ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಅಳತೆ ಬರೆದುಕೊಳ್ಳಲು ಇವಳಿಗೇನು ಧಾಡಿ ಅಂತ.

ಒಂದೇ ದಾರಿ ಉಳಿದಿತ್ತು. ಖಾತೆಯಲ್ಲಿರುವ ಫೋಟೋಗಳನ್ನೆಲ್ಲ ಗಂಟು ಕಟ್ಟಿ ಕೊಡಿ ಅಂತ ಕೇಳಿಕೊಂಡರೆ, ಕಂಪನಿಯವರು ಕಟ್ಟಿಟ್ಟು, ಇಳಿಸಿಕೊಳ್ಳಲು ಅದೇ ಮೇಲ್‌ಗೆ ಲಿಂಕು ಕಳಿಸುತ್ತಾರೆ. ಜಗಲಿಯಲ್ಲೇ ಕೂತು ಕೇಳಿಕೊಂಡೆ. ಮಾರನೆಯ ದಿನ ಲಿಂಕು ಬಂತು, ಒಂದಲ್ಲ, ದೊಡ್ಡ ದೊಡ್ಡ ಗಂಟುಗಳು ಸುಮಾರಿದ್ದವು. ನನ್ನ ಫೋನಿನ ದಿನದ ಡೇಟಾ ಮೊದಲ ಗಂಟಿನ ಅರ್ಧಕ್ಕೇ ಮುಗಿದುಹೋಗುತ್ತಿತ್ತು. ಪಿ.ಜಿ.ಯ ವೈಫೈಗೆ ಮೆಟ್ಟಿಲ ಮೇಲೆ ಮಾತ್ರ ಜೀವ. ಅರ್ಧ ದಿನ ರಜೆ ಹಾಕಿ ಕಾಲೇಜಿಗೇ ಹೋದೆ.

ಮೆಸೇಜು ಹಾಕಿದ್ದ ಉಪನ್ಯಾಸಕರು ಕಂಪ್ಯೂಟರ್ ಲ್ಯಾಬಿನಲ್ಲಿ ಒಬ್ಬರೇ ಕೂತಿದ್ದರು. ಪಾಠದ ಜೊತೆಗೆ ಈ ಮೇಲ್‌ಗಳ ಉಸ್ತುವಾರಿಯನ್ನೂ ಅವರ ತಲೆಗೆ ಕಟ್ಟಿದ್ದಾರೆ. ಅವರು ನನಗಿಂತ ಹೆಚ್ಚು ದಣಿದಿದ್ದ ಹಾಗೆ ಕಂಡರು.

"ಏನ್ಮಾಡ್ಲಮ್ಮ, ಮೊದಲು ಎಷ್ಟ್ ಬೇಕಾದ್ರೂ ಇಟ್ಕೊಳ್ಳಿ ಅಂದಿದ್ದ ಕಂಪನಿ ಈಗ ಇಡೀ ಕಾಲೇಜಿಗೆ ಸೇರಿ ಇಷ್ಟೇ ಜಾಗ ಅಂತ ಹೇಳ್ಬಿಟ್ಟಿದೆ. ಹಳಬರದ್ದು ತೆಗೀದೆ ಹೊಸಬರಿಗೆ ಕೊಡೋಕಾಗಲ್ಲ" ಅಂದರು. ಆಮೇಲೆ ತಮ್ಮ ಪರದೆಯಲ್ಲಿ ನನ್ನ ಖಾತೆ ತೆರೆದು ಕನ್ನಡಕ ಸರಿ ಮಾಡಿಕೊಂಡರು. "ನಿಮ್ ಬ್ಯಾಚಲ್ಲೇ ಜಾಸ್ತಿ ಜಾಗ ತಿಂದಿರೋಳು ನೀನೇ ಕಣಮ್ಮ. ಅಂಥದ್ದೇನ್ ಇಟ್ಟಿದ್ದೀಯ ಇದ್ರಲ್ಲಿ?"

"ರವಿಕೆ ಸರ್."

ಅವರು ಮೂಲೆಯ ಕಂಪ್ಯೂಟರು ತೋರಿಸಿದರು. ತಾರೀಕು ಮುಂದಕ್ಕೆ ಹಾಕಲು ತಮ್ಮಿಂದ ಆಗುವುದಿಲ್ಲ, ಬೇಕಾದರೆ ನಿನ್ನದನ್ನು ಎಲ್ಲರಿಗಿಂತ ಕೊನೆಗೆ ಬಂದ್ ಮಾಡುತ್ತೇನೆ ಅಂದರು. ಅಷ್ಟು ಹೇಳಿದ್ದೇ ನನಗೆ ದೊಡ್ಡ ಉಪಕಾರವಾಗಿ ಕಂಡಿತು.

ಗಂಟುಗಳು ಒಂದೊಂದಾಗಿ ಇಳಿದವು. ಬಿಚ್ಚಿ ನೋಡಿದರೆ ವರ್ಷ ವರ್ಷಕ್ಕೆ ಒಂದೊಂದು ಫೋಲ್ಡರು. ಮೊದಲ ಫೋಲ್ಡರಿನಲ್ಲಿ ಚಾಪೆಯ ಮೇಲೆ ಕೆಂಪು ರವಿಕೆ, ಅದರ ಮೇಲೆ ಹಳದಿ ಟೇಪು. ಪಕ್ಕದಲ್ಲಿ ಅದೇ ರವಿಕೆಯ ತೋಳು. ಅದರ ಪಕ್ಕದಲ್ಲಿ ನಾನು.

ಕಾಲೇಜಿನ ಕ್ಯಾಂಟೀನಿನಲ್ಲಿ ಬಾಯಿ ತುಂಬ ಪಫ್ಸ್ ತುಂಬಿಕೊಂಡು ನಗುತ್ತಿದ್ದೆ. ಪರದೆ ಕೆಳಗಿಳಿಸಿದೆ. ಮತ್ತೆ ರವಿಕೆ, ರವಿಕೆ, ಹಾಸ್ಟೆಲಿನ ಗೆಳತಿಯರು, ರವಿಕೆ, ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ನಾನು ಮತ್ತು ಅವನು. ಅವನು ಅಂದರೆ ನಮ್ಮ ಕ್ಲಾಸಿನವನು. ಎಂ.ಎಸ್ಸಿ. ಕೊನೆಯ ವರ್ಷದ ದೀಪಾವಳಿಯವರೆಗೂ ಇದ್ದ, ಆಮೇಲೆ ತನ್ನ ಮನೆಯಲ್ಲಿ ಒಪ್ಪುವುದಿಲ್ಲ ಅಂತ ದೂರವಾದ. ನಮ್ಮ ಮನೆಯಲ್ಲಿ ಅವನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ನಾನು ತಿಳಿದುಕೊಂಡಿದ್ದೆ.

ನನ್ನ ಫೋನಿನಲ್ಲಿ ನಾನು ಯಾವತ್ತೂ ಆ ಫೋಟೋ ಆ್ಯಪು ತೆರೆದವಳಲ್ಲ, ಅತ್ತೆಯದರಲ್ಲಿ ಗುಂಡಿ ತೋರಿಸಿದಾಗಲೂ ಫೋಟೋಗಳ ಮೇಲೆ ಕಣ್ಣು ಹಾಯಿಸಿರಲಿಲ್ಲ. ಫೋನಿನ ಜೊತೆಗೇ ಬಂದ ಗ್ಯಾಲರಿಯಲ್ಲಿ ಚಿತ್ರ ನೋಡಿಕೊಳ್ಳುತ್ತಿದ್ದೆ. ಜಾಗಕ್ಕೆ ಮಿತಿಯಿಲ್ಲ ಅಂದ ಮೊದಲ ವರ್ಷ ಬ್ಯಾಕಪ್ಪು ಶುರು ಮಾಡಿ ಮರೆತಿದ್ದೆ. ಅಪ್ಪ, ಅಣ್ಣನ ಫೋನಿನಲ್ಲಿ ಅದನ್ನು ಶುರು ಮಾಡಿಕೊಟ್ಟಿರಲಿಲ್ಲ, ಆದರೆ ನನ್ನ ಫೋನೂ ಅತ್ತೆಯ ಫೋನೂ ವರ್ಷಗಳಿಂದ ಒಂದೇ ಪೆಟ್ಟಿಗೆಗೆ ಫೋಟೋ ಸುರಿಯುತ್ತಿದ್ದವು. ಪೆಟ್ಟಿಗೆ ಒಂದೇ ಅಂದಮೇಲೆ ಅದರಲ್ಲಿರುವುದೆಲ್ಲ ಎರಡೂ ಫೋನಿನಲ್ಲಿ ಕಾಣುತ್ತದೆ. ಎಂ.ಎಸ್ಸಿ. ಓದಿದ ನನಗೆ ಇಷ್ಟು ಹೊಳೆಯಲು ಆ ಲ್ಯಾಬಿನ ಮೂಲೆಗೆ ಬರಬೇಕಾಯಿತು. ಗ್ಯಾಲರಿ ತೆರೆಯುವ ನಾನು ನೋಡಿರಲಿಲ್ಲ. ದಿನಕ್ಕೆ ಹತ್ತಾರು ಸಲ ಆ ಆ್ಯಪು ತೆರೆಯುವ ಅತ್ತೆ ನೋಡದೆ ಇರಲು ಸಾಧ್ಯವೇ ಇರಲಿಲ್ಲ.

ನಾಚಿಕೆ, ಸಿಟ್ಟು, ಹೆದರಿಕೆ ಎಲ್ಲ ಒಟ್ಟಿಗೇ ಬಂದವು. ಯಾರಿಗೆ ಹೇಳಿರಬಹುದು? ಅಪ್ಪನಿಗೆ ಹೇಳಿದ್ದರೆ ಅಪ್ಪ ನನ್ನನ್ನು ಬದನಗುಪ್ಪೆಗೆ ಕೆಲಸಕ್ಕೆ ಕಳಿಸುತ್ತಿರಲಿಲ್ಲ. ಆ ಮಧ್ಯಾಹ್ನವೆಲ್ಲ ಕೂತು ರವಿಕೆಗಳನ್ನು ಒಂದು ಕಡೆ, ನನ್ನನ್ನು ಒಂದು ಕಡೆ ಬೇರೆ ಮಾಡಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಬೆನ್ನು ಹಿಡಿದುಕೊಂಡಿತು. ಅವನ ಫೋಟೋಗಳು ಬಂದಾಗ ಅಳಿಸಬೇಕೋ ಇಡಬೇಕೋ ತಿಳಿಯದೆ ನನ್ನ ಫೋಲ್ಡರಿಗೇ ಎಸೆದೆ. ಸಂಜೆ ಉಪನ್ಯಾಸಕರು ಲ್ಯಾಬಿನ ಬೀಗ ಹಿಡಿದು ಬಂದಾಗ ರವಿಕೆಗಳೆಲ್ಲ ಅತ್ತೆಯ ಹೊಸ ಖಾತೆಗೆ ಏರುತ್ತಿದ್ದವು. ಪೂರ್ತಿ ಏರುವವರೆಗೆ ಅವರೂ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಗಂಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ರೂಮಿಗೆ ಬಂದು ಊಟವನ್ನೂ ಮಾಡದೆ ಮಲಗಿದೆ.

ಮಾರನೆಯ ದಿನ ಬೆಳಿಗ್ಗೆ ಅತ್ತೆ ಫೋನು ಮಾಡಿದಳು. ಹೊಸದರಲ್ಲಿ ರವಿಕೆ ಬಂದಿವೆ, ಆದರೆ ಹೆಸರು ಹೇಳಿದರೆ ಬರುತ್ತಿಲ್ಲ ಅಂದಳು. ನೋಡಿದರೆ ಫೋಟೋಗಳು ಮಾತ್ರ ಏರಿವೆ, ಕೆಳಗಿನ ಬರಹ ಒಂದೂ ಬಂದಿಲ್ಲ. ಗಂಟಿನೊಳಗೆ ಪ್ರತಿ ಫೋಟೋದ ಪಕ್ಕ ಒಂದೊಂದು ಪುಟಾಣಿ ಫೈಲಿತ್ತು. ಬರಹವೆಲ್ಲ ಅದರೊಳಗಿರುತ್ತದೆ, ಫೋಟೋ ಮತ್ತೆ ಏರಿಸುವಾಗ ಅದನ್ನು ಯಾರೂ ಓದುವುದಿಲ್ಲ. ಅಂದರೆ ಮದ್ದೂರಿನ ಟೀಚರ ಎಡತೋಳು ಯಾವುದು, ಹೂವಿನಂಗಡಿಯವರ ಸೊಸೆಯ ಬೆನ್ನು ಯಾವುದು ಅನ್ನುವುದು ಹೊಸ ಖಾತೆಗೆ ಗೊತ್ತಿರಲಿಲ್ಲ. ಅತ್ತೆಗೆ ಕೆಲವು ಗುರುತು ಸಿಕ್ಕವು. ಬಹಳಷ್ಟು ಸಿಗಲಿಲ್ಲ. ಬಿಳಿ ಲೈನಿಂಗಿನ ಹತ್ತು ರವಿಕೆ ಸಾಲಾಗಿ ಇಟ್ಟರೆ ಯಾರಿಗೆ ತಾನೇ ಗುರುತು ಸಿಗುತ್ತದೆ.

ತಿಂಗಳ ಕೊನೆಯ ಭಾನುವಾರ ರೂಮಿನ ಗೆಳತಿಯ ಲ್ಯಾಪ್‌ಟಾಪ್ ಇಸಿದುಕೊಂಡು ಮತ್ತೆ ಗುಂಡ್ಲುಪೇಟೆಗೆ ಹೋದೆ. ಬಸ್ಸಿನಲ್ಲೆಲ್ಲ ಅತ್ತೆಗೆ ಏನು ಕೇಳುವುದು, ಹೇಗೆ ಕೇಳುವುದು ಅಂತ ಯೋಚಿಸಿದೆ. ಹೋದ ಮೇಲೆ ಏನೂ ಕೇಳಲಾಗಲಿಲ್ಲ. ಅತ್ತೆ ಯಂತ್ರದ ಮುಂದೆ, ನಾನು ಚಾಪೆಯ ಮೇಲೆ. ನಾನು ಪುಟಾಣಿ ಫೈಲು ತೆರೆದು ಬರಹ ಓದುವುದು, ಅತ್ತೆ ತನ್ನ ಫೋನಿನಲ್ಲಿ ಅದೇ ಫೋಟೋ ತೆಗೆದು ಕೆಳಗೆ ಮತ್ತೆ ಬಾಯಿಯಲ್ಲಿ ಹೇಳುವುದು. ಮೊದಲು ಮದುವೆ ಮನೆಯವರದು, ಆಮೇಲೆ ಉಳಿದವರದು. ಮಧ್ಯೆ ಯಾರೋ ಫಾಲ್ಸ್ ಹಚ್ಚಲು ಸೀರೆ ಕೊಟ್ಟು ಹೋದರು. ಅಮ್ಮ ಉಪ್ಪಿಟ್ಟು ಕಳಿಸಿದಳು. ನನ್ನ ಗಂಟಲು ಒಣಗಿತು, ಅತ್ತೆಯ ಗಂಟಲೂ ಕಟ್ಟಿತು.

ಮದುವೆ ಮನೆಯವರದೆಲ್ಲ ಮುಗಿದ ಮೇಲೆ ಅತ್ತೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ನನ್ನ ಕಡೆ ನೋಡದೆ, ಸೂಜಿಗೆ ದಾರ ಪೋಣಿಸುತ್ತಾ ಅಂದಳು.

"ಆ ಉಡ್ಗ ದೀವಳ್ಗೆ ಆದ್ಮೇಲೆ ಕಾಣ್ಲೇ ಇಲ್ವಲ್ಲ ಕೂಸೆ."

ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತಿದೆ. "ನೋಡಿದ್ಯಾ ಅತ್ತೆ?" ಅಂದೆ.

"ನೋಡ್ದೆ ಇರಕಾದದಾ. ರವ್ಕೆ ಉಡುಕ್ತಾ ಇದ್ರೆ ನೀನೇ ಬತ್ತಿದ್ದೆ."

"ಯಾರ್ಗಾದ್ರೂ ಏಳಿದ್ಯಾ?"

"ಏಳಕೇನದೆ ಅದ್ರಲ್ಲಿ. ನಗಾಡ್ತಿದ್ದೆ, ಚೆಂದಾಗಿದ್ದೆ. ಆಮೇಲೆ ಬರೀ ಗೋಡೆದು, ಊಟದ ತಟ್ಟೆದು ಬರಕ್ಕೆ ಸುರುವಾಯ್ತು. ನೀನೂ ಇಲ್ಲ, ಅವ್ನೂ ಇಲ್ಲ. ಏನೋ ಆಗದೆ ಅನ್ಕಂಡೆ."

ಆ ದೀಪಾವಳಿಯ ಆಚೆ ಅತ್ತೆ ನನಗೆ ದಿನಾ ಸಂಜೆ ಫೋನು ಮಾಡುತ್ತಿದ್ದಳು. ಉಂಡೆಯಾ, ಏನು ಉಂಡೆ, ಯಾರ ಜೊತೆ ಉಂಡೆ ಅಂತ ಅಷ್ಟೇ ಕೇಳುತ್ತಿದ್ದಳು. ಬೇರೆ ಕೆಲಸವಿಲ್ಲವೇ ಇವಳಿಗೆ ಅಂತ ನಾನು ಎಷ್ಟೋ ಸಲ ಫೋನು ಎತ್ತದೆ ಬಿಟ್ಟಿದ್ದೆ, ಎತ್ತಿದರೂ ಹೂಂ ಅಂದು ಇಟ್ಟಿದ್ದೆ. ಆ ದಿನಗಳಲ್ಲಿ ನನ್ನ ದುಃಖ ಈ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದೆ. ಚಾಪೆಯ ಮೇಲೆ ಕೂತಲ್ಲೇ ನನಗೆ ಅಳು ಬಂತು. ಅತ್ತೆ ಯಂತ್ರ ತುಳಿಯುತ್ತಿದ್ದಳು. ನಾನು ಮೂಗು ಒರೆಸಿಕೊಂಡು ಮುಂದಿನ ಫೈಲು ಓದಿದೆ.

ಸಂಜೆಯ ಬಸ್ಸಿನ ಹೊತ್ತಾಗುತ್ತಿತ್ತು. ಉಳಿದ ಬರಹಗಳನ್ನು ನಾನು ಫೋನಿನಲ್ಲಿ ಓದಿ ಹೇಳುತ್ತೇನೆ, ನೀನು ಒಂದೊಂದಾಗಿ ಹಾಕಿಕೋ ಅಂದೆ. ಕಾಲೇಜು ಮೇಲ್‌ನ ಖಾತೆ ಅತ್ತೆಯ ಫೋನಿನಲ್ಲಿ ಇನ್ನೂ ಹಾಗೇ ಇತ್ತು. ಅವರು ಬಂದ್ ಮಾಡುವ ಮೊದಲು ನಾವೇ ತೆಗೆಯುವುದು ಒಳ್ಳೆಯದು, ಇಲ್ಲದಿದ್ದರೆ ದಿನಾ ಪಾಸ್‌ವರ್ಡು ಕೇಳಿ ನಿನ್ನ ತಲೆ ತಿನ್ನುತ್ತದೆ ಅಂದೆ. ಈ ಸಲ ಎಲ್ಲ ರವಿಕೆಗಳೂ ಹೊಸ ಖಾತೆಯಲ್ಲಿವೆ ಅಂತ ಮತ್ತೊಮ್ಮೆ ತೋರಿಸಿದೆ. ಅವಳೇ ಟೀಚರು ಅಂತ ಹೇಳಿ ನೋಡಿದಳು. ಎಡತೋಳು ಬಂತು.

ಖಾತೆ ತೆಗೆಯುವ ಗುಂಡಿಯ ಹತ್ತಿರ ನನ್ನ ಬೆರಳು ಹೋದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಇದ್ ಒತ್ತುದ್ರೆ ಇನ್ಮೇಲೆ ನಿಂದು ಬರಲ್ವಾ ಇದ್ರಲ್ಲಿ?"

"ಬರಲ್ಲ ಅತ್ತೆ. ನಂದು ನಂಗೆ, ನಿಂದು ನಿಂಗೆ."

ಅವಳು ಮಣಿಕಟ್ಟು ಬಿಡಲಿಲ್ಲ.

"ನಾನ್ ಕಳುಸ್ತೀನಿ ಅತ್ತೆ, ಫೋಟೋ. ದಿನಾ ಕಳುಸ್ತೀನಿ."

"ಕಳ್ಸದು ಬ್ಯಾರೆ ಕಣಮ್ಮಿ" ಅಂದಳು ಅತ್ತೆ. "ಚೆಂದಾಗಿರದ್ನ ಆರ್ಸಿ ಕಳುಸ್ತೀಯ. ಇದು ತಾನಾಗ್ ತಾನೇ ಬತ್ತಿತ್ತು. ನೀ ಸಪ್ಗಿದ್ರೂ ಗೊತ್ತಾಯ್ತಿತ್ತು."

 ಅತ್ತೆ ಫೋನನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ, ಹಳೆಯ ಖಾತೆಯ ಫೋಟೋಗಳನ್ನು ಬೆರಳಲ್ಲಿ ಕೆಳಗಿನವರೆಗೂ ಒಮ್ಮೆ ಜಾರಿಸಿದಳು. ಯಾವುದರ ಮೇಲೂ ನಿಲ್ಲಲಿಲ್ಲ. ಆಮೇಲೆ ನನ್ನ ಕೈಗೆ ಕೊಟ್ಟು, "ಒತ್ತು, ಬಸ್ ಒಂಟೋಯ್ತದೆ" ಅಂದಳು. ಒತ್ತಿದೆ. ಇದನ್ನು ತೆಗೆದರೆ ಇದರಲ್ಲಿರುವುದೆಲ್ಲ ಈ ಫೋನಿನಿಂದ ಹೋಗುತ್ತದೆ, ಒಪ್ಪಿಗೆಯೇ ಅಂತ ಇನ್ನೊಂದು ಸಲ ಕೇಳಿತು. ಅದಕ್ಕೂ ಒತ್ತಿದೆ.

ಚಾಮರಾಜನಗರದ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಲ್ಯಾಪ್‌ಟಾಪಿನ ಚೀಲ ತೊಡೆಯ ಮೇಲೆ ಭಾರವಾಗಿತ್ತು. ಊರು ದಾಟಿದ ಮೇಲೆ ಫೋನು ತೆಗೆದು ನನ್ನದೇ ಒಂದು ಫೋಟೋ ಹೊಡೆದುಕೊಂಡೆ. ಬಸ್ಸು ಕುಲುಕಿದ್ದರಿಂದ ಅಲುಗಿತ್ತು. ಕಣ್ಣು ಊದಿಕೊಂಡಿತ್ತು, ಕೂದಲು ಕೆದರಿತ್ತು, ಅರ್ಧ ಮುಖ ಕತ್ತಲಲ್ಲಿತ್ತು. ಇನ್ನೊಂದು ಸಲ ತೆಗೆಯಲು ಹೋಗದೆ ಅದನ್ನೇ ಅತ್ತೆಗೆ ಕಳಿಸಿದೆ.